ಉಚಿತ ವಾಹಿನಿಯ ಜಾಹೀರಾತು ವಿರಾಮದೊಳಗೆ ಏನು ನಡೆಯುತ್ತದೆ

ಹೊಸ ಸ್ಮಾರ್ಟ್ ಟಿವಿಯನ್ನು ಇಂಟರ್ನೆಟ್ಟಿಗೆ ಜೋಡಿಸಿದ ಕೂಡಲೇ, ಯಾವ ಆ್ಯಪನ್ನೂ ಇಳಿಸಿಕೊಳ್ಳದೆ, ಚಂದಾ ಕಟ್ಟದೆ, ನೂರಾರು ವಾಹಿನಿಗಳ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಅದಕ್ಕೆ ಸ್ಯಾಮ್‌ಸಂಗ್ ಟಿವಿ ಪ್ಲಸ್ ಎಂದು ಹೆಸರು, ಎಲ್‌ಜಿಯಲ್ಲಿ ಎಲ್‌ಜಿ ಚಾನೆಲ್ಸ್, ರೋಕುವಿನಲ್ಲಿ ರೋಕು ಚಾನೆಲ್. ಈ ಬಗೆಯ ಸೇವೆಗಳನ್ನು ಉದ್ಯಮದವರು ಒಟ್ಟಾಗಿ ‘ಫಾಸ್ಟ್’ ವಾಹಿನಿಗಳೆಂದು ಕರೆಯುತ್ತಾರೆ: ಹಣ ಕೇಳದೆ, ಜಾಹೀರಾತಿನ ಬಲದಿಂದ, ಇಂಟರ್ನೆಟ್ ಮೂಲಕ ನಡೆಯುವ ವಾಹಿನಿಗಳು. ವೇಳಾಪಟ್ಟಿ, ವಾಹಿನಿ ಸಂಖ್ಯೆ, ಮೇಲೆ ಕೆಳಗೆ ಬದಲಿಸುವ ಗುಂಡಿ ಎಲ್ಲವೂ ಇರುವುದರಿಂದ ಇದು ಕೇಬಲ್ ಟಿವಿಯ ಮುಂದುವರಿಕೆಯಂತೆ ಕಾಣುತ್ತದೆ. ಇಂಟರ್ನೆಟ್ಟಿನಲ್ಲೇ ಬರುವುದರಿಂದ ಚಂದಾ ಆ್ಯಪ್‌ಗಳ ಅಗ್ಗದ ರೂಪದಂತೆಯೂ ತೋರುತ್ತದೆ. ಎರಡೂ ಗ್ರಹಿಕೆಗಳಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯಲು ಕಾರ್ಯಕ್ರಮಕ್ಕಿಂತ ಜಾಹೀರಾತು ವಿರಾಮವನ್ನು ಗಮನಿಸುವುದೇ ಒಳ್ಳೆಯದು ಎಂದು ನನಗನ್ನಿಸುತ್ತದೆ, ಏಕೆಂದರೆ ಈ ವಾಹಿನಿಗಳ ತಂತ್ರಜ್ಞಾನ, ಹಣದ ಲೆಕ್ಕ, ವೀಕ್ಷಕರ ಮಾಹಿತಿಯ ಬಳಕೆ ಮೂರೂ ಸೇರುವುದು ಆ ಎರಡು ನಿಮಿಷಗಳಲ್ಲಿ.

ಇಂಥ ವಾಹಿನಿಗೆ ಸಾಮಾನ್ಯವಾಗಿ ಸ್ಟುಡಿಯೋ ಇರುವುದಿಲ್ಲ, ಉಪಗ್ರಹವೂ ಬೇಕಿಲ್ಲ. ಹಕ್ಕುದಾರರ ಬಳಿಯಿರುವ ವಿಡಿಯೋ ಕಡತಗಳನ್ನು ಒಂದು ವೇಳಾಪಟ್ಟಿಯ ಪ್ರಕಾರ ಒಂದರ ಹಿಂದೊಂದು ಹರಿಯಬಿಡುವ ತಂತ್ರಾಂಶವೇ ಇಲ್ಲಿ ವಾಹಿನಿ. ಕಾರ್ಯಕ್ರಮವನ್ನು ಕೆಲವೇ ಸೆಕೆಂಡುಗಳ, ಸಾಮಾನ್ಯವಾಗಿ ಆರು ಸೆಕೆಂಡುಗಳ, ಸಣ್ಣ ತುಣುಕುಗಳಾಗಿ ಕತ್ತರಿಸಿ ಸರ್ವರಿನಲ್ಲಿ ಇಡಲಾಗುತ್ತದೆ. ಮುಂದೆ ಯಾವ ತುಣುಕನ್ನು ತರಬೇಕೆಂದು ಹೇಳುವ ಒಂದು ಪ್ಲೇಲಿಸ್ಟ್ ನಿರಂತರವಾಗಿ ಬದಲಾಗುತ್ತಿರುತ್ತದೆ, ಟಿವಿ ಅದನ್ನು ಮತ್ತೆ ಮತ್ತೆ ಕೇಳಿ ಓದಿಕೊಂಡು ತುಣುಕುಗಳನ್ನು ತರಿಸಿ ತೋರಿಸುತ್ತದೆ. ವಾಹಿನಿ ಬದಲಿಸಿದಾಗ ಚಿತ್ರ ಮೂಡಲು ತುಸು ಹೊತ್ತು ಹಿಡಿಯುವುದು ಇದೇ ಕಾರಣಕ್ಕೆ: ಹೊಸ ಪ್ಲೇಲಿಸ್ಟ್ ಬಂದು, ಮೊದಲ ಕೆಲವು ತುಣುಕುಗಳು ಟಿವಿಯಲ್ಲಿ ಕೂಡಿಕೊಂಡ ಮೇಲಷ್ಟೇ ಪ್ರದರ್ಶನ ಆರಂಭವಾಗುತ್ತದೆ. ಇಲ್ಲಿಯವರೆಗೆ ಚಂದಾ ಆ್ಯಪ್‌ಗಳ ಕೆಲಸವೂ ಹೆಚ್ಚುಕಡಿಮೆ ಹೀಗೆಯೇ. ಆದರೆ ಆ್ಯಪಿನಲ್ಲಿ ಚಿತ್ರವೊಂದನ್ನು ಆರಿಸಿದಾಗ ಅದರ ಕಾಲ ಆ ವೀಕ್ಷಕರೊಬ್ಬರದೇ ಆಗಿರುತ್ತದೆ. ಅವರು ನಿಲ್ಲಿಸಿದರೆ ನಿಲ್ಲುತ್ತದೆ. ಫಾಸ್ಟ್ ವಾಹಿನಿಯಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಲರೇಖೆ, ಅದು ಯಾರಿಗಾಗಿಯೂ ಕಾಯುವುದಿಲ್ಲ. ಈ ಒಂದು ಭೇದದಿಂದ ಉಳಿದ ಬಹಳಷ್ಟು ಭೇದಗಳು ಹುಟ್ಟುತ್ತವೆ.

ಒಂದು ಉದಾಹರಣೆಯನ್ನು ಕೊನೆಯವರೆಗೂ ನೋಡೋಣ. ಹಳೆಯ ಪತ್ತೇದಾರಿ ಧಾರಾವಾಹಿಯೊಂದನ್ನಷ್ಟೇ ಇಪ್ಪತ್ತನಾಲ್ಕು ಗಂಟೆಯೂ ತೋರಿಸುವ ವಾಹಿನಿಯನ್ನು ಎರಡು ಬೇರೆ ಬೇರೆ ಮನೆಗಳಲ್ಲಿ ನೋಡುತ್ತಿದ್ದಾರೆಂದು ಭಾವಿಸಿ. ಸಂಚಿಕೆಯ ನಡುವೆ ಒಂದು ಕಡೆ 120 ಸೆಕೆಂಡುಗಳ ಜಾಗವನ್ನು ಜಾಹೀರಾತಿಗೆಂದು ಗುರುತು ಮಾಡಲಾಗಿದೆ. ಕಣ್ಣಿಗೆ ಕಾಣದ ಈ ಗುರುತನ್ನು ‘ಎಸ್‌ಸಿಟಿಇ 35’ ಎಂಬ ಮಾನದಂಡದ ಪ್ರಕಾರ ಹಾಕುತ್ತಾರೆ. ಮೂಲತಃ ಇದು ಕೇಬಲ್ ಟಿವಿಗಾಗಿ ರೂಪುಗೊಂಡದ್ದು. ಗುರುತು ಸಮೀಪಿಸುವವರೆಗೂ ಎರಡೂ ಮನೆಗಳಿಗೆ ಹೋಗುವ ತುಣುಕುಗಳು ಒಂದೇ. ಗುರುತು ಬಂದೊಡನೆ, ಜಾಹೀರಾತು ಹೆಣೆಯುವ ಸರ್ವರ್ ಪ್ರತಿ ಟಿವಿಯ ಪರವಾಗಿ ಪ್ರತ್ಯೇಕವಾಗಿ ಜಾಹೀರಾತು ಮಾರುಕಟ್ಟೆಗೆ ಒಂದು ಕೋರಿಕೆ ಕಳುಹಿಸುತ್ತದೆ. ಟಿವಿಯ ಜಾಹೀರಾತು ಗುರುತಿನ ಸಂಖ್ಯೆ, ಐಪಿ ವಿಳಾಸದಿಂದ ಅಂದಾಜಾಗುವ ಪ್ರದೇಶ, ವಾಹಿನಿಯ ಬಗೆ, ಖಾಲಿಯಿರುವ ಸೆಕೆಂಡುಗಳು ಮೊದಲಾದ ವಿವರಗಳು ಆ ಕೋರಿಕೆಯಲ್ಲಿರುತ್ತವೆ. ಮರುಕ್ಷಣವೇ ಹರಾಜು ನಡೆದು, ಗೆದ್ದ ಜಾಹೀರಾತುಗಳ ಪಟ್ಟಿ ಹಿಂದಿರುಗುತ್ತದೆ. ಸರ್ವರ್ ಅವುಗಳ ತುಣುಕುಗಳನ್ನು ಆ ಮನೆಯ ಪ್ಲೇಲಿಸ್ಟಿಗೆ ಸೇರಿಸುತ್ತದೆ. ಮೊದಲ ಮನೆಯವರು ಕಾರಿನ ಜಾಹೀರಾತನ್ನು ನೋಡುವ ಹೊತ್ತಿಗೆ ಎರಡನೆಯ ಮನೆಯವರು ಸಾಬೂನಿನ ಜಾಹೀರಾತನ್ನು ನೋಡುತ್ತಾರೆ, ವಿರಾಮ ಮುಗಿದೊಡನೆ ಇಬ್ಬರೂ ಮತ್ತೆ ಅದೇ ದೃಶ್ಯಕ್ಕೆ ಬಂದು ಸೇರುತ್ತಾರೆ. ಟಿವಿಯ ದೃಷ್ಟಿಯಲ್ಲಿ ಎಲ್ಲವೂ ಒಂದೇ ಹರಿವು; ಕಾರ್ಯಕ್ರಮ ಎಲ್ಲಿ ಮುಗಿದು ಜಾಹೀರಾತು ಎಲ್ಲಿ ಆರಂಭವಾಯಿತೆಂಬುದು ಹೊರಗಿನಿಂದ ಸುಲಭವಾಗಿ ತಿಳಿಯುವುದಿಲ್ಲ. ಜಾಹೀರಾತು ತಡೆಯುವ ತಂತ್ರಾಂಶಗಳು ಇಲ್ಲಿ ಬಹುಮಟ್ಟಿಗೆ ಸೋಲುವುದು ಆದ್ದರಿಂದಲೇ.

ಈಗ ಮೊದಲ ಮನೆಯ ವಿರಾಮದಲ್ಲಿ ಎಲ್ಲವೂ ಸರಿಯಾಗಿ ನಡೆಯಲಿಲ್ಲ ಎಂದುಕೊಳ್ಳಿ. ನಾಲ್ಕು ಜಾಹೀರಾತುಗಳಿಗೆ ಜಾಗವಿದ್ದರೂ ಮೂವತ್ತು ಸೆಕೆಂಡುಗಳ ಮೂರು ಮಾತ್ರ ಮಾರಾಟವಾದವು. ಅವುಗಳಲ್ಲಿ ಒಂದು ಈ ಸರ್ವರಿಗೆ ಮೊದಲ ಬಾರಿ ಬಂದದ್ದು. ವಾಹಿನಿಯ ಚಿತ್ರದ ಅಳತೆ ಮತ್ತು ಗುಣಮಟ್ಟಗಳಿಗೆ ಹೊಂದುವಂತೆ ಅದನ್ನು ಇನ್ನೂ ಪರಿವರ್ತಿಸಿರಲಿಲ್ಲವಾದ್ದರಿಂದ, ಸರ್ವರ್ ಪರಿವರ್ತನೆಯ ಕೆಲಸವನ್ನು ಆರಂಭಿಸಿ, ಈ ಸಲಕ್ಕೆ ಅದನ್ನು ಬಿಟ್ಟುಬಿಟ್ಟಿತು. ಉಳಿದದ್ದು ಎರಡು ಜಾಹೀರಾತು, ಅರವತ್ತು ಸೆಕೆಂಡು. ಮಿಕ್ಕ ಅರವತ್ತು ಸೆಕೆಂಡು ಕಾಲ ಪರದೆಯ ಮೇಲೆ ‘ಕಾರ್ಯಕ್ರಮ ಶೀಘ್ರದಲ್ಲೇ ಮುಂದುವರಿಯುತ್ತದೆ’ ಎಂಬರ್ಥದ ಫಲಕವೂ ಅದೇ ಸಂಗೀತದ ಪುನರಾವರ್ತನೆಯೂ ಇರುತ್ತವೆ. ಇದನ್ನು ಉದ್ಯಮದಲ್ಲಿ ಸ್ಲೇಟ್ ಎನ್ನುತ್ತಾರೆ. ಅನೇಕ ವೀಕ್ಷಕರು ಇದನ್ನು ಇಂಟರ್ನೆಟ್ಟಿನ ದೋಷವೆಂದು ತಿಳಿದು ರೂಟರನ್ನು ಆರಿಸಿ ಹಚ್ಚುತ್ತಾರೆ, ಆದರೆ ಸಂಪರ್ಕದ ದೋಷವಿದ್ದಾಗ ಚಿತ್ರ ಹೆಪ್ಪುಗಟ್ಟುತ್ತದೆ ಅಥವಾ ಸುತ್ತುವ ವೃತ್ತ ಕಾಣಿಸುತ್ತದೆ. ಫಲಕವು ಸ್ಪಷ್ಟವಾಗಿ, ಸಂಗೀತವು ತಡೆಯಿಲ್ಲದೆ ಬರುತ್ತಿದ್ದರೆ ಸಂಪರ್ಕ ಸರಿಯಾಗಿಯೇ ಇದೆ, ಜಾಹೀರಾತು ತುಂಬದೆ ಉಳಿದ ಜಾಗವನ್ನಷ್ಟೇ ನೀವು ನೋಡುತ್ತಿದ್ದೀರಿ ಎಂದರ್ಥ.

ಜಾಹೀರಾತು ಇಲ್ಲದಿದ್ದರೆ ಕಥೆಯನ್ನೇ ಮುಂದುವರಿಸಬಾರದೇ ಎಂಬ ಪ್ರಶ್ನೆ ಸಹಜ. ಹಂಚಿಕೊಂಡ ಕಾಲರೇಖೆಯಲ್ಲಿ ಅದು ಸಾಧ್ಯವಿಲ್ಲ. ಎರಡನೆಯ ಮನೆಯಲ್ಲಿ ನಾಲ್ಕೂ ಜಾಹೀರಾತು ನಡೆಯುತ್ತಿವೆ, ಮೊದಲ ಮನೆಯನ್ನು ಅರವತ್ತು ಸೆಕೆಂಡು ಮುಂದೆ ಕಳುಹಿಸಿದರೆ ಅಲ್ಲಿಗೆ ಕೊಡಬೇಕಾದ ತುಣುಕುಗಳು ವಾಹಿನಿಯ ಹರಿವಿನಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ಚಂದಾ ಆ್ಯಪ್‌ಗಳ ಅಗ್ಗದ, ಜಾಹೀರಾತುಸಹಿತ ದರ್ಜೆಯಲ್ಲಿ ಪರಿಸ್ಥಿತಿ ಬೇರೆ. ನೆಟ್‌ಫ್ಲಿಕ್ಸ್ 2022ರ ನವೆಂಬರಿನಲ್ಲೂ ಡಿಸ್ನಿ ಪ್ಲಸ್ ಅದೇ ವರ್ಷದ ಡಿಸೆಂಬರಿನಲ್ಲೂ ಇಂಥ ದರ್ಜೆಯನ್ನು ಆರಂಭಿಸಿದವು. ಅಂಥ ಆ್ಯಪಿನಲ್ಲಿ ಬೇಡಿಕೆಯ ಮೇರೆಗೆ ನೋಡುವ ಚಿತ್ರದ ವಿರಾಮಕ್ಕೆ ಜಾಹೀರಾತು ಸಿಗದಿದ್ದರೆ ವಿರಾಮವನ್ನೇ ಹಾರಿಸಿ ಕಥೆಗೆ ಮರಳಬಹುದು, ಏಕೆಂದರೆ ಅಲ್ಲಿ ಕಾಯಬೇಕಾದ ಇತರರು ಯಾರೂ ಇಲ್ಲ. ಹೊರನೋಟಕ್ಕೆ ಎರಡೂ ‘ಜಾಹೀರಾತು ಇರುವ ಟಿವಿ’ ಎಂದೇ ಕಂಡರೂ, ಖಾಲಿ ವಿರಾಮವನ್ನು ಅವು ಹೇಗೆ ತುಂಬುತ್ತವೆ ಎಂಬುದರಲ್ಲಿ ಅವುಗಳ ಒಳರಚನೆ ಬಯಲಾಗುತ್ತದೆ.

ಒಂದೇ ಜಾಹೀರಾತು ಗಂಟೆಯಲ್ಲಿ ಹಲವು ಬಾರಿ ಬರುವುದು ವೀಕ್ಷಕರ ಇನ್ನೊಂದು ದೊಡ್ಡ ದೂರು, ಮತ್ತು ಅದು ನ್ಯಾಯವಾದ ದೂರು. ಒಂದು ವಿರಾಮದ ಸೆಕೆಂಡುಗಳನ್ನು ಒಬ್ಬರೇ ಮಾರುವುದಿಲ್ಲ. ಟಿವಿ ತಯಾರಕರು ತಮ್ಮ ಪಾಲನ್ನೂ ವಾಹಿನಿಯವರು ತಮ್ಮ ಪಾಲನ್ನೂ ಬೇರೆ ಬೇರೆ ಮಧ್ಯವರ್ತಿಗಳ ಮೂಲಕ ಮಾರುವುದು ಸಾಮಾನ್ಯ. ‘ಈ ಮನೆಗೆ ದಿನಕ್ಕೆ ಮೂರು ಸಲ ಸಾಕು’ ಎಂಬ ಮಿತಿಯನ್ನು ಜಾಹೀರಾತುದಾರರು ಹಾಕಿದ್ದರೂ, ಪ್ರತಿ ಮಧ್ಯವರ್ತಿ ತಾನು ತೋರಿಸಿದ್ದನ್ನು ಮಾತ್ರ ಎಣಿಸುವುದರಿಂದ ಮೂವರು ಸೇರಿ ಒಂಬತ್ತು ಸಲ ತೋರಿಸಿಬಿಡಬಹುದು. ಟಿವಿಯ ಜಾಹೀರಾತು ಗುರುತಿನ ಸಂಖ್ಯೆಯನ್ನು ವೀಕ್ಷಕರು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿದ್ದರೆ ಎಣಿಕೆ ಇನ್ನೂ ಕಷ್ಟವಾಗುತ್ತದೆ. ಖಾಸಗಿತನಕ್ಕಾಗಿ ಅದನ್ನು ನಿಲ್ಲಿಸುವವರಿಗೆ ಈ ಪರಿಣಾಮ ಮೊದಲೇ ತಿಳಿದಿರಬೇಕು: ಜಾಹೀರಾತುಗಳ ಸಂಖ್ಯೆ ಅದರಿಂದ ಕಡಿಮೆಯಾಗುವುದಿಲ್ಲ, ಪುನರಾವರ್ತನೆ ಮತ್ತು ಸ್ಲೇಟ್ ಹೆಚ್ಚಬಹುದು. ಹಾಗಿದ್ದರೂ ನಿಲ್ಲಿಸುವುದೇ ಮೇಲೆಂದು ನಾನು ಭಾವಿಸುತ್ತೇನೆ.

ಜಾಹೀರಾತಿನ ಧ್ವನಿ ಒಮ್ಮೆಲೇ ಏರುವುದಕ್ಕೂ ಮೂಲ ಇದೇ. ಬೇರೆ ಬೇರೆ ಕಡೆಯಿಂದ ಬಂದ ಕಡತಗಳ ಧ್ವನಿಮಟ್ಟವನ್ನು ಕಾರ್ಯಕ್ರಮದ ಮಟ್ಟಕ್ಕೆ ಇಳಿಸುವ ಕೆಲಸ ಎಲ್ಲೋ ತಪ್ಪಿರುತ್ತದೆ. ಅಮೆರಿಕದಲ್ಲಿ 2010ರ ಕಾಯ್ದೆಯೊಂದು ಜಾಹೀರಾತಿನ ಅಬ್ಬರವನ್ನು ನಿಯಂತ್ರಿಸಿತಾದರೂ ಅದು ಪ್ರಸಾರ ಕೇಂದ್ರ, ಕೇಬಲ್ ಮತ್ತು ಉಪಗ್ರಹ ಸೇವೆಗಳಿಗಷ್ಟೇ ಅನ್ವಯಿಸುತ್ತದೆ. ಇಂಟರ್ನೆಟ್ ಮೂಲಕ ಹರಿಯುವ ಸೇವೆಗಳನ್ನೂ ಅಂಥ ನಿಯಮಕ್ಕೆ ತರುವ ಕ್ಯಾಲಿಫೋರ್ನಿಯಾದ ಕಾಯ್ದೆಗೆ 2025ರ ಅಕ್ಟೋಬರಿನಲ್ಲಿ ಸಹಿ ಬಿತ್ತು. ಅದರ ಜಾರಿಗೆ ಗೊತ್ತುಪಡಿಸಿದ ದಿನ 2026ರ ಜುಲೈ 1.

ಇನ್ನು ಹಣದ ಲೆಕ್ಕ. ಈ ವಾಹಿನಿಗಳಲ್ಲಿ ಹಳೆಯ ಧಾರಾವಾಹಿ, ಅಡುಗೆ, ಸುದ್ದಿ, ಪ್ರಾಣಿಪ್ರಪಂಚಗಳೇ ಏಕೆ ತುಂಬಿವೆ, ಈ ವಾರ ಬಿಡುಗಡೆಯಾದ ದೊಡ್ಡ ಚಿತ್ರ ಏಕೆ ಬರುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ. ವಿವರಣೆಗಷ್ಟೇ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಗಂಟೆಗೆ ಎಂಟು ನಿಮಿಷ ಜಾಹೀರಾತಿನ ಜಾಗ, ಅಂದರೆ ಮೂವತ್ತು ಸೆಕೆಂಡುಗಳ ಹದಿನಾರು ಜಾಹೀರಾತು. ಅವುಗಳಲ್ಲಿ ಅರ್ಧ ಮಾತ್ರ ಮಾರಾಟವಾದರೆ ಎಂಟು. ಈ ವ್ಯಾಪಾರದಲ್ಲಿ ದರವನ್ನು ಸಾವಿರ ಪ್ರದರ್ಶನಕ್ಕೆ ಇಷ್ಟೆಂದು ಹೇಳುತ್ತಾರೆ. ಅದು 10 ಡಾಲರ್ ಎಂದುಕೊಂಡರೆ ಒಂದು ಪ್ರದರ್ಶನಕ್ಕೆ ಒಂದು ಸೆಂಟ್, ಒಂದು ಗಂಟೆಗೆ ಎಂಟು ಸೆಂಟ್. ಒಂದು ಮನೆಯವರು ದಿನಕ್ಕೊಂದು ಗಂಟೆಯಂತೆ ಮೂವತ್ತು ದಿನ ನೋಡಿದರೆ 2.40 ಡಾಲರ್. ಇದನ್ನು ಟಿವಿ ತಯಾರಕರು ಮತ್ತು ವಾಹಿನಿಯವರು ಸಮವಾಗಿ ಹಂಚಿಕೊಂಡರೆ ವಾಹಿನಿಗೆ ತಿಂಗಳಿಗೆ 1.20 ಡಾಲರ್. ಆ ಮನೆಯವರು ಆ ಗಂಟೆಯನ್ನು ಐದು ವಾಹಿನಿಗಳಲ್ಲಿ ಕಳೆದರೆ ತಲಾ 24 ಸೆಂಟ್.

ಚಂದಾ ಆ್ಯಪ್ ನಡೆಸುವವರ ಲೆಕ್ಕ ಇದಕ್ಕೆ ತದ್ವಿರುದ್ಧ. ಚಂದಾದಾರರು ತಿಂಗಳಿಗೆ ಒಂದು ಗಂಟೆ ನೋಡಲಿ, ನೂರು ಗಂಟೆ ನೋಡಲಿ, ಬರುವ ಮೊತ್ತ ಅಷ್ಟೇ. ಅವರ ಭಯವೆಂದರೆ ಚಂದಾ ರದ್ದಾಗುವುದು. ಆದ್ದರಿಂದ ಜನರನ್ನು ಹಿಡಿದಿಡುವ, ಬೇರೆಲ್ಲೂ ಸಿಗದ ಹೊಸ ಕೃತಿಗೆ ಅವರು ಹಣ ಸುರಿಯುತ್ತಾರೆ. ಫಾಸ್ಟ್ ವಾಹಿನಿಯ ಆದಾಯ ಮಾತ್ರ ನೋಡಿದ ನಿಮಿಷಗಳಿಗೆ ಅಂಟಿಕೊಂಡಿದೆ. ಅದಕ್ಕೆ ಬೇಕಾದದ್ದು ಈಗಾಗಲೇ ತಯಾರಾಗಿ ಖರ್ಚು ಹಿಂದಿರುಗಿಸಿರುವ, ಎಲ್ಲಿಂದ ನೋಡಿದರೂ ಅರ್ಥವಾಗುವ, ಹಚ್ಚಿ ಬಿಟ್ಟರೆ ಗಂಟೆಗಟ್ಟಲೆ ಓಡುವ ಸರಕು. ಪ್ರತಿ ಸಂಚಿಕೆಯಲ್ಲೂ ಪ್ರಕರಣ ಬಗೆಹರಿಯುವ ಪತ್ತೇದಾರಿ ಧಾರಾವಾಹಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಜಾಹೀರಾತಿಗೆ ಜಾಗಬಿಟ್ಟೇ ಅದನ್ನು ಮೊದಲು ಬರೆದಿದ್ದರಿಂದ ವಿರಾಮದ ಗುರುತುಗಳೂ ಸರಿಯಾದ ಕಡೆ ಬೀಳುತ್ತವೆ. ಚಿತ್ರಮಂದಿರಕ್ಕೆಂದು ಮಾಡಿದ ಚಲನಚಿತ್ರದಲ್ಲಿ ಅಂಥ ಎಡೆಗಳಿಲ್ಲ. ಕಪ್ಪು ಚೌಕಟ್ಟು ಕಂಡಲ್ಲಿ ಅಥವಾ ನಿಗದಿತ ನಿಮಿಷಕ್ಕೊಮ್ಮೆ ತಂತ್ರಾಂಶವೇ ಗುರುತು ಹಾಕುತ್ತಾ ಹೋದಾಗ ಮಾತಿನ ನಡುವೆಯೇ ಜಾಹೀರಾತು ನುಗ್ಗುತ್ತದೆ. ಬಹಳ ಇಷ್ಟಪಡುವ ಚಿತ್ರವನ್ನು ಇಂಥ ವಾಹಿನಿಯಲ್ಲಿ ಮೊದಲ ಬಾರಿ ನೋಡುವುದು ಆ ಚಿತ್ರಕ್ಕೆ ಮಾಡುವ ಅನ್ಯಾಯ ಎಂದೇ ನನ್ನ ಅನಿಸಿಕೆ.

ಪುನರಾವರ್ತನೆಯೂ ಇದೇ ಲೆಕ್ಕದ ಫಲ. ವಾಹಿನಿಯ ಬಳಿ 120 ಗಂಟೆಗಳ ಸಾಮಗ್ರಿ ಇದ್ದರೆ, ನಿರಂತರ ಪ್ರಸಾರದಲ್ಲಿ ಅದು ಐದೇ ದಿನಕ್ಕೆ ಮುಗಿಯುತ್ತದೆ. ಎಂಟು ಗಂಟೆಗಳ ಕಂತನ್ನು ದಿನಕ್ಕೆ ಮೂರು ಬಾರಿ ತಿರುಗಿಸುವ ವಾಹಿನಿಗಳೂ ಇವೆ. ಹಾಗೆ ಮಾಡಿದರೆ ಅದೇ ಸಾಮಗ್ರಿ ಹದಿನೈದು ದಿನ ಬರುತ್ತದೆ, ನಿರ್ದಿಷ್ಟ ಹೊತ್ತಿನಲ್ಲಿ ಮಾತ್ರ ಟಿವಿ ಹಚ್ಚುವವರಿಗೆ ಪುನರಾವರ್ತನೆ ಅಷ್ಟಾಗಿ ಕಾಣುವುದಿಲ್ಲ. ನಿಮ್ಮ ನೆಚ್ಚಿನ ವಾಹಿನಿ ಹೀಗಿದೆಯೇ ಎಂದು ತಿಳಿಯಲು ವೇಳಾಪಟ್ಟಿಯಲ್ಲಿ ಈ ಹೊತ್ತಿನಿಂದ ಎಂಟು ಗಂಟೆ ಮುಂದಕ್ಕೆ ಹೋಗಿ ನೋಡಿ. ಅದೇ ಸಂಚಿಕೆ ಕಂಡರೆ ಸಂಜೆ ತಪ್ಪಿದ್ದು ನಡುರಾತ್ರಿಯಲ್ಲೋ ಬೆಳಗ್ಗೆಯೋ ಸಿಗುತ್ತದೆ ಎಂದಾಯಿತು. ನಿಲ್ಲಿಸಿ ನೋಡುವ ಅವಕಾಶವಿಲ್ಲದ ಕಡೆ ಇದು ಉಪಯುಕ್ತ ಮಾಹಿತಿ.

ಟಿವಿ ತಯಾರಕರು ಈ ವ್ಯವಹಾರಕ್ಕೆ ಏಕೆ ಇಳಿದರು? ಟಿವಿ ಪೆಟ್ಟಿಗೆಯ ಮಾರಾಟದಲ್ಲಿ ಲಾಭ ತೀರ ತೆಳ್ಳಗಾಗಿದೆ, ಒಮ್ಮೆ ಮಾರಿದ ಪೆಟ್ಟಿಗೆಯನ್ನು ಜನ ವರ್ಷಗಟ್ಟಲೆ ಬದಲಿಸುವುದಿಲ್ಲ. ಅಮೆರಿಕದ ವಿಜಿಯೋ ಕಂಪನಿಯ 2021ರ ಮೂರನೇ ತ್ರೈಮಾಸಿಕದ ಲೆಕ್ಕದಲ್ಲಿ, ಜಾಹೀರಾತು ಮತ್ತು ಮಾಹಿತಿಯನ್ನೊಳಗೊಂಡ ವಿಭಾಗದ ಒಟ್ಟು ಲಾಭ ಟಿವಿ ಮತ್ತಿತರ ಸಾಧನಗಳ ಮಾರಾಟದ ಲಾಭಕ್ಕಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಆ ಕಂಪನಿಯನ್ನು ವಾಲ್‌ಮಾರ್ಟ್ 2024ರಲ್ಲಿ ಸುಮಾರು 230 ಕೋಟಿ ಡಾಲರಿಗೆ ಕೊಂಡುಕೊಂಡದ್ದರ ಹಿಂದೆಯೂ ಜಾಹೀರಾತು ವ್ಯಾಪಾರದ ಆಸಕ್ತಿಯಿತ್ತು. ಹೀಗಾಗಿ ಇಂದು ಟಿವಿ ಹಚ್ಚಿದೊಡನೆ ಮೊದಲು ಏನು ಕಾಣಬೇಕು, ರಿಮೋಟಿನಲ್ಲಿ ಯಾವುದಕ್ಕೆ ಪ್ರತ್ಯೇಕ ಗುಂಡಿ ಇರಬೇಕು ಎಂಬುದೆಲ್ಲ ಆದಾಯದ ಪ್ರಶ್ನೆ. ಚಂದಾ ಆ್ಯಪ್ ಟಿವಿಯ ಪಾಲಿಗೆ ಹೊರಗಿನ ಅತಿಥಿ. ಒಳಗೇ ಕೂಡಿಸಿದ ವಾಹಿನಿಗಳ ಪಟ್ಟಿ ಮನೆಯ ಯಜಮಾನನದೇ ಸೊತ್ತು. ಆ್ಯಪನ್ನು ಅಳಿಸಿಹಾಕಬಹುದು, ಬೇರೆ ಟಿವಿಗೆ ಹೋದರೂ ಅದೇ ಖಾತೆಯಿಂದ ಮುಂದುವರಿಯಬಹುದು. ತಯಾರಕರ ವಾಹಿನಿ ಪಟ್ಟಿ ಸಾಮಾನ್ಯವಾಗಿ ಆ ಕಂಪನಿಯ ಸಾಧನಗಳಿಗೆ ಬಿಗಿದುಕೊಂಡಿರುತ್ತದೆ, ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಒಪ್ಪಂದ ಮುಗಿದ ವಾಹಿನಿ ಸದ್ದಿಲ್ಲದೆ ಮಾಯವಾಗುತ್ತದೆ.

ಮಾಹಿತಿಯ ವಿಷಯದಲ್ಲಿ ಎರಡು ಬೇರೆ ದಾರಿಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಮೊದಲನೆಯದು ಸರ್ವರಿನ ದಾರಿ. ಫಾಸ್ಟ್ ವಾಹಿನಿಯನ್ನು ತಯಾರಕರ ವೇದಿಕೆಯೇ ಕಳುಹಿಸುವುದರಿಂದ, ಯಾವ ಟಿವಿ ಯಾವ ವಾಹಿನಿಯನ್ನು ಎಷ್ಟು ಹೊತ್ತು ನೋಡಿತು ಎಂಬುದು ಆ ವೇದಿಕೆಗೆ ತಾನಾಗಿ ಗೊತ್ತಾಗುತ್ತದೆ. ಚಂದಾ ಆ್ಯಪ್ ಕೂಡ ತನ್ನೊಳಗಿನ ವೀಕ್ಷಣೆಯನ್ನು ಹೀಗೆಯೇ ತಿಳಿಯುತ್ತದೆ, ಅಲ್ಲಿ ಪ್ರೊಫೈಲ್ ಇರುವುದರಿಂದ ವ್ಯಕ್ತಿಯ ಮಟ್ಟದಲ್ಲೇ ತಿಳಿಯುತ್ತದೆ. ಎರಡನೆಯದು ಪರದೆಯ ದಾರಿ: ಪರದೆಯ ಮೇಲೆ ಏನು ಮೂಡುತ್ತಿದೆ ಎಂಬುದರ ಸಣ್ಣ ಮಾದರಿಗಳನ್ನು ಟಿವಿಯೇ ತೆಗೆದು, ಬೆರಳಚ್ಚಿನಂಥ ಸಂಕೇತವಾಗಿಸಿ, ಸರ್ವರಿನಲ್ಲಿರುವ ಸಂಗ್ರಹದೊಡನೆ ಹೋಲಿಸಿ ಕಾರ್ಯಕ್ರಮವನ್ನು ಗುರುತಿಸುವ ವ್ಯವಸ್ಥೆ. ಒಪ್ಪಿಗೆಯಿಲ್ಲದೆ ಹೀಗೆ 1.1 ಕೋಟಿ ಟಿವಿಗಳಿಂದ ವೀಕ್ಷಣೆಯ ಮಾಹಿತಿ ಸಂಗ್ರಹಿಸಿದ ಆರೋಪದ ಮೇಲೆ ವಿಜಿಯೋ 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಜೆರ್ಸಿ ರಾಜ್ಯದೊಡನೆ 22 ಲಕ್ಷ ಡಾಲರಿನ ಇತ್ಯರ್ಥಕ್ಕೆ ಬರಬೇಕಾಯಿತು. ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳ ಮೇಲೆ 2024ರಲ್ಲಿ ಪ್ರಕಟವಾದ ವಿಶ್ವವಿದ್ಯಾಲಯಗಳ ಅಧ್ಯಯನವೊಂದು, ಎಚ್‌ಡಿಎಂಐ ಮೂಲಕ ಬೇರೆ ಸಾಧನವನ್ನು ಜೋಡಿಸಿ ಟಿವಿಯನ್ನು ಬರಿಯ ಪರದೆಯಾಗಿ ಬಳಸುವಾಗಲೂ ಈ ವ್ಯವಸ್ಥೆ ಕೆಲಸ ಮಾಡುತ್ತಿದ್ದುದನ್ನು ಕಂಡಿತು; ನೆಟ್‌ಫ್ಲಿಕ್ಸ್‌ನಂಥ ಆ್ಯಪನ್ನು ಟಿವಿಯಲ್ಲೇ ತೆರೆದಾಗ ಅದು ಸುಮ್ಮನಿತ್ತು, ಮತ್ತು ಸೆಟ್ಟಿಂಗ್ಸ್‌ನಲ್ಲಿ ನಿರಾಕರಿಸಿದಾಗ ಆ ಸರ್ವರುಗಳೊಡನೆ ಸಂಪರ್ಕ ನಿಂತಿತು.

ಆದ್ದರಿಂದ ನಿರಾಕರಣೆ ವ್ಯರ್ಥವಲ್ಲ, ಆದರೆ ಅದರ ಮಿತಿಯನ್ನು ತಿಳಿದಿರಬೇಕು. ಸ್ಯಾಮ್‌ಸಂಗ್ ಟಿವಿಗಳಲ್ಲಿ ಈ ಆಯ್ಕೆ Viewing Information Services ಎಂಬ ಹೆಸರಿನಲ್ಲಿ ಖಾಸಗಿತನದ ಪುಟದಲ್ಲಿರುತ್ತದೆ, ಎಲ್‌ಜಿಯಲ್ಲಿ Live Plus ಎಂದು, ರೋಕುವಿನಲ್ಲಿ Use info from TV inputs ಎಂದು ಕಾಣುತ್ತದೆ. ಮಾದರಿ ಮತ್ತು ವರ್ಷದ ಪ್ರಕಾರ ಅದರ ಸ್ಥಳ ತುಸು ಬದಲಾಗುತ್ತದೆ. ಇದನ್ನು ನಿಲ್ಲಿಸಿದರೆ ಮುಚ್ಚುವುದು ಪರದೆಯ ದಾರಿ ಮಾತ್ರ. ಉಚಿತ ವಾಹಿನಿಯಲ್ಲಿ ನೀವೇನು ನೋಡುತ್ತೀರೆಂಬುದು ಸರ್ವರಿನ ದಾರಿಯಲ್ಲಿ ತಿಳಿಯುತ್ತಲೇ ಇರುತ್ತದೆ. ಜಾಹೀರಾತನ್ನು ನಿಮಗೆ ತಕ್ಕಂತೆ ಆರಿಸುವುದನ್ನು ತಡೆಯುವ ಆಯ್ಕೆ ಇವೆರಡಕ್ಕಿಂತಲೂ ಬೇರೆ, ಅದನ್ನು ಪ್ರತ್ಯೇಕವಾಗಿ ಹುಡುಕಿ ಬದಲಿಸಬೇಕು. ಟಿವಿಯನ್ನು ಹೊಸದಾಗಿ ಸಿದ್ಧಪಡಿಸುವಾಗ ‘ಎಲ್ಲಕ್ಕೂ ಒಪ್ಪಿಗೆ’ ಎಂಬ ಒಂದೇ ಗುಂಡಿಯಿಂದ ಮೂರನ್ನೂ ದಾಟಿಬಿಡುವುದು ಬಹಳ ಸುಲಭ. ಬೇಡವೆನ್ನಿಸಿದ ಮೇಲೆ ಹಿಂದಿರುಗಿ ಒಂದೊಂದಾಗಿ ನಿಲ್ಲಿಸಲು ಮಾತ್ರ ತಾಳ್ಮೆ ಬೇಕು. ಈ ಅಸಮತೋಲನವನ್ನು ತಯಾರಕರು ಸರಿಪಡಿಸಬೇಕು.

ಕೊನೆಯದಾಗಿ ಡೇಟಾದ ಮಾತು. ಉಚಿತವೆಂದರೆ ಕಾರ್ಯಕ್ರಮ ಉಚಿತವೇ ಹೊರತು ಇಂಟರ್ನೆಟ್ ಅಲ್ಲ. ಸೆಕೆಂಡಿಗೆ 5 ಮೆಗಾಬಿಟ್ ವೇಗದಲ್ಲಿ ಬರುವ ಎಚ್‌ಡಿ ವಾಹಿನಿ ಗಂಟೆಗೆ ಸುಮಾರು 2.25 ಗಿಗಾಬೈಟ್ ಬಳಸುತ್ತದೆ, ಜಾಹೀರಾತು ಮತ್ತು ಸ್ಲೇಟ್ ಕೂಡ ಅದರಲ್ಲಿ ಸೇರಿದವೇ. ಚಂದಾ ಆ್ಯಪಿನಲ್ಲಿ ಚಿತ್ರ ಮುಗಿಯುತ್ತದೆ, ‘ಇನ್ನೂ ನೋಡುತ್ತಿದ್ದೀರಾ’ ಎಂದು ಕೇಳಿ ನಿಲ್ಲುವ ಏರ್ಪಾಡೂ ಸಾಮಾನ್ಯ. ವಾಹಿನಿಗೆ ಮುಗಿತಾಯವೇ ಇಲ್ಲ, ಯಾರೂ ಇಲ್ಲದ ಕೋಣೆಯಲ್ಲೂ ಅದು ಹರಿಯುತ್ತಿರಬಹುದು. ಟಿವಿ ಹಚ್ಚಿದ ಕೂಡಲೇ ಹಿಂದಿನ ವಾಹಿನಿ ತಾನಾಗಿ ಆರಂಭವಾಗುತ್ತಿದ್ದರೆ, ಸ್ಯಾಮ್‌ಸಂಗ್‌ನ ಅನೇಕ ಮಾದರಿಗಳಲ್ಲಿ Autorun Last App ಎಂಬ ಆಯ್ಕೆಯನ್ನು ನಿಲ್ಲಿಸಬಹುದು; ಬೇರೆ ತಯಾರಕರ ಟಿವಿಗಳಲ್ಲಿ ಇಂಥ ಆಯ್ಕೆ ಇದ್ದರೆ ಸಾಮಾನ್ಯ ಸೆಟ್ಟಿಂಗ್ಸ್ ಅಥವಾ ಆರಂಭದ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ. ಮಿತಿಯಿರುವ ಡೇಟಾ ಯೋಜನೆ ಬಳಸುವವರು ನಿದ್ರೆಯ ಟೈಮರನ್ನೂ ಜೊತೆಗೆ ಹಾಕಿಟ್ಟುಕೊಂಡರೆ, ರಾತ್ರಿಯಿಡೀ ಯಾರೂ ನೋಡದ ಜಾಹೀರಾತುಗಳಿಗೆ ಅವರ ಡೇಟಾ ಖರ್ಚಾಗುವುದು ತಪ್ಪುತ್ತದೆ.